ಗುಲಾಬಿ ಎಲೆಯ ಕಪ್ಪು ಚುಕ್ಕೆ

ಮಳೆಗಾಲದ ನಡುವೆ ಬೆಂಗಳೂರಿನ ಯಾವ ತಾರಸಿ ಹತ್ತಿದರೂ ಗುಲಾಬಿ ಗಿಡಗಳ ಪಾಡು ಹೆಚ್ಚುಕಡಿಮೆ ಒಂದೇ. ತುದಿಯಲ್ಲಿ ನಾಲ್ಕು ಹಸಿರೆಲೆ, ಕೆಳಗೆಲ್ಲ ಬೋಳು ಕಡ್ಡಿ, ಕುಂಡದ ಮಣ್ಣಿನ ಮೇಲೆ ಉದುರಿದ ಹಳದಿ ಎಲೆಗಳು. ಎಲೆ ಹಳದಿಯಾಯಿತೆಂದರೆ ಗೊಬ್ಬರ ಸಾಲದು ಎಂದು ನಾವು ಅಂದುಕೊಳ್ಳುತ್ತೇವೆ. ಒಂದು ಹಿಡಿ ಗೊಬ್ಬರ ಬೀಳುತ್ತದೆ, ಜೊತೆಗೆ ಒಂದು ಚೊಂಬು ನೀರೂ ಬೀಳುತ್ತದೆ. ಎಲೆ ಉದುರುವುದು ಮಾತ್ರ ನಿಲ್ಲುವುದಿಲ್ಲ.

ಉದುರಿದ ಎಲೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ. ಗೊಬ್ಬರದ ಕೊರತೆಯಿದ್ದರೆ ಎಲೆ ಇಡಿಯಾಗಿ ಮಂಕು ಹಳದಿಯಾಗುತ್ತದೆ, ಚುಕ್ಕೆ ಇರುವುದಿಲ್ಲ. ಕಪ್ಪು ಚುಕ್ಕೆ ರೋಗವಾದರೆ ಎಲೆಯ ಮೇಲ್ಭಾಗದಲ್ಲಿ ಕಡಲೆಕಾಳಿನಷ್ಟೋ ಅದಕ್ಕಿಂತ ಸ್ವಲ್ಪ ದೊಡ್ಡದೋ ಆದ ಕರಿ ಮಚ್ಚೆಗಳಿರುತ್ತವೆ. ಅವುಗಳ ಅಂಚನ್ನು ಗಮನಿಸಬೇಕು. ಒರಟು ಕಾಗದದ ಮೇಲೆ ಬಿದ್ದ ಶಾಯಿಯ ಹನಿ ಹರಡಿಕೊಂಡಂತೆ ಅಂಚು ಎಳೆಎಳೆಯಾಗಿರುತ್ತದೆ, ಸುತ್ತ ಹಳದಿ ಬಣ್ಣ ಹರಡಿರುತ್ತದೆ. ಭೂತಗನ್ನಡಿ ಇದ್ದರೆ ಮಚ್ಚೆಯೊಳಗೆ ಸಣ್ಣ ಕಪ್ಪು ಗುಳ್ಳೆಗಳೂ ಕಾಣುತ್ತವೆ. ರೋಗದ ಬೀಜಕಣಗಳು ತಯಾರಾಗುವುದು ಅಲ್ಲೇ. ಅಂಚು ನುಣ್ಣಗೆ ದುಂಡಗಿದ್ದು, ನಡುವೆ ಬೂದು ಬಣ್ಣ, ಸುತ್ತ ನೇರಳೆ ಗೆರೆ ಇದ್ದರೆ ಅದು ಬೇರೊಂದು ಎಲೆಚುಕ್ಕೆ ರೋಗ. ಎಳೆಯ ಎಲೆ ಮುದುಡಿ, ಮೇಲೆ ಬಿಳಿ ಹಿಟ್ಟು ಹಚ್ಚಿದಂತಿದ್ದರೆ ಬೂದಿ ರೋಗ.

ಕಪ್ಪು ಚುಕ್ಕೆ ತರುವ ಶಿಲೀಂಧ್ರದ ಹೆಸರು ಡಿಪ್ಲೊಕಾರ್ಪನ್ ರೋಸೆ. ಗುಲಾಬಿ ಬಿಟ್ಟರೆ ಬೇರೆ ಗಿಡದ ತಂಟೆಗೆ ಅದು ಹೋಗುವುದಿಲ್ಲ. ಪಕ್ಕದ ಕುಂಡದ ದಾಸವಾಳದ ಎಲೆಯಲ್ಲೂ ಚುಕ್ಕೆ ಕಂಡರೆ ಅದರ ಕಾರಣ ಬೇರೆ. ಬೂದಿ ರೋಗದ ಕಣಗಳು ಗಾಳಿಯಲ್ಲಿ ಹಾರಿಬರುತ್ತವೆ. ಕಪ್ಪು ಚುಕ್ಕೆಯ ಕಣಗಳು ಅಂಟಂಟಾಗಿರುವುದರಿಂದ ಮುಖ್ಯವಾಗಿ ಸಿಡಿಯುವ ಹನಿಯ ಜೊತೆಗೇ ಪ್ರಯಾಣ ಮಾಡುತ್ತವೆ. ರೋಗ ಕೆಳಗಿನ ಎಲೆಯಿಂದ ಶುರುವಾಗಿ ಮೇಲೇರುವುದಕ್ಕೆ ಇದೇ ಕಾರಣ. ನೆಲದಲ್ಲಿ ಬಿದ್ದ ರೋಗದ ಎಲೆಯ ಮೇಲೆ ಮಳೆಹನಿ ಬಿದ್ದು ಸಿಡಿದಾಗ ಮೊದಲು ತಾಗುವುದು ತಗ್ಗಿನಲ್ಲಿರುವ ಎಲೆಗೆ.

ಎಲೆಗೆ ತಾಗಿದ ಕಣ ಮೊಳೆತು ಒಳಹೊಗಬೇಕಾದರೆ ಎಲೆಯ ಮೇಲೆ ನೀರು ಸುಮಾರು ಏಳು ತಾಸಾದರೂ ಎಡೆಬಿಡದೆ ನಿಂತಿರಬೇಕು. ಅಷ್ಟರೊಳಗೆ ಎಲೆ ಒಣಗಿದರೆ ಕಣದ ಆಟ ನಡೆಯುವುದಿಲ್ಲ. ಈ ರೋಗದ ಬಗ್ಗೆ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ, ಉಳಿದ ಉಪಾಯಗಳೆಲ್ಲ ಇದರಿಂದಲೇ ಹುಟ್ಟುತ್ತವೆ. ಬೆಳಿಗ್ಗೆ ಹತ್ತಕ್ಕೆ ಒಂದು ಮಳೆ ಬಂದು ಮಧ್ಯಾಹ್ನ ಬಿಸಿಲು ಬಿದ್ದರೆ ದೊಡ್ಡ ಅಪಾಯವಿಲ್ಲ. ಬೆಂಗಳೂರಿನ ಮಳೆಯ ಸ್ವಭಾವವೋ ಸಂಜೆ ಬರುವುದು.

ಒಂದು ಮನೆಯ ತಾರಸಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಆರು ಕುಂಡ, ಒಂದಕ್ಕೊಂದು ತಾಗಿಸಿ ಗೋಡೆಬದಿಗೆ ಇಟ್ಟಿದ್ದಾರೆ. ಬುಧವಾರ ಸಂಜೆ ಆರೂವರೆಗೆ ಮಳೆ. ರಾತ್ರಿಯಿಡೀ ಮೋಡ, ಗಾಳಿಯಿಲ್ಲ, ಉಷ್ಣಾಂಶ 20 ಡಿಗ್ರಿ ಆಸುಪಾಸು. ಶಿಲೀಂಧ್ರಕ್ಕೆ ಇದು ಹೇಳಿ ಮಾಡಿಸಿದ ಹವೆ. ಎಲೆ ಒಣಗುವ ಹೊತ್ತಿಗೆ ಗುರುವಾರ ಬೆಳಿಗ್ಗೆ ಏಳೂವರೆ, ಅಂದರೆ ಹದಿಮೂರು ತಾಸು ಒದ್ದೆ. ಅಂದು ಗಿಡ ಚೆನ್ನಾಗಿಯೇ ಕಾಣುತ್ತದೆ. ಭಾನುವಾರ, ಸೋಮವಾರದ ಹೊತ್ತಿಗೆ ಮೊದಲ ಚುಕ್ಕೆ ಏಳುತ್ತದೆ. ಅದರ ಮುಂದಿನ ವಾರಾಂತ್ಯಕ್ಕೆ ಆ ಚುಕ್ಕೆಗಳೇ ಹೊಸ ಕಣಗಳನ್ನು ಬಿಡಲು ಸಿದ್ಧವಾಗಿರುತ್ತವೆ. ಆಗ ಇನ್ನೊಂದು ಸಂಜೆ ಮಳೆ ಬಂದರೆ ಎರಡನೆಯ ಸುತ್ತು, ಈ ಬಾರಿ ಹತ್ತಾರು ಎಲೆಗಳಿಂದ. ಎಳೆಯ, ಇನ್ನೂ ಬಿಚ್ಚಿಕೊಳ್ಳುತ್ತಿರುವ ಎಲೆಗಳಿಗೆ ತಗಲುವುದು ಇನ್ನೂ ಸುಲಭ.

ಮನೆಯವರು ಮೊದಲು ಮಾಡಬೇಕಾದದ್ದು ಕುಂಡಗಳನ್ನು ಸರಿಸುವುದು. ನಡುವೆ ಒಂದೂವರೆ ಅಡಿ ಬಿಡಿ, ಗೋಡೆಯಿಂದ ದೂರ ತನ್ನಿ, ಬೆಳಗಿನ ಬಿಸಿಲು ಬೀಳುವ ಮೂಲೆಗಿಡಿ. ಎಲೆ ಒಂದೆರಡು ತಾಸು ಬೇಗ ಒಣಗಿದರೂ ಅದು ಲಾಭವೇ. ನೀರನ್ನು ಬೆಳಿಗ್ಗೆಯೇ, ಬುಡಕ್ಕೆ ಮಾತ್ರ ಹಾಕಿ. ಸಂಜೆ ಪೈಪಿನಲ್ಲಿ ಎಲೆ ತೊಳೆಯುವ ಅಭ್ಯಾಸವಿದ್ದರೆ ಮಳೆಯಿಲ್ಲದ ದಿನವೂ ನಾವೇ ಮಳೆ ಸುರಿಸಿದ ಹಾಗೆ. ಮಲೆನಾಡಿನಲ್ಲಿ ಮಳೆ ದಿನಗಟ್ಟಲೆ ಬಿಡದೆ ಹಿಡಿಯುತ್ತದೆ, ಅಲ್ಲಿ ಈ ಉಪಾಯ ಸಾಲದು. ಕುಂಡವನ್ನು ಜಗಲಿಯೊಳಗೆ ಇಡಬೇಕು. ಸೂರಿನ ಅಂಚಿಗೆ ಇಟ್ಟರೆ ಹೆಂಚಿನಿಂದ ಸುರಿಯುವ ಹನಿ ನೆಲದಿಂದ ಸಿಡಿದು ಇನ್ನಷ್ಟು ಕೆಡುಕಾಗುತ್ತದೆ. ದೊಡ್ಡಬಳ್ಳಾಪುರದ ಕಡೆ ಪಾಲಿಹೌಸ್‌ನಲ್ಲಿ ಗುಲಾಬಿ ಬೆಳೆಯುವವರನ್ನು ಕೇಳಿದರೆ ಬೂದಿ ರೋಗವನ್ನು ಬೈಯುತ್ತಾರೆ, ಕಪ್ಪು ಚುಕ್ಕೆಯನ್ನು ಅಷ್ಟಾಗಿ ಹೇಳುವುದಿಲ್ಲ. ಅವರ ಗಿಡದ ಎಲೆಗೆ ಮಳೆ ತಾಗುವುದೇ ಇಲ್ಲವಲ್ಲ.

ಆಮೇಲೆ ಆಯುವ ಕೆಲಸ. ಉದುರಿದ ಎಲೆ, ಗಿಡದಲ್ಲೇ ಇರುವ ಚುಕ್ಕೆ ಎಲೆ, ಎರಡನ್ನೂ ಒಣ ಹೊತ್ತಿನಲ್ಲಿ ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ. ಮನೆಯ ಕಾಂಪೋಸ್ಟ್ ಡಬ್ಬಿಗೆ ಹಾಕಬೇಡಿ, ಅದು ಸಾಕಷ್ಟು ಬಿಸಿಯಾಗದಿದ್ದರೆ ರೋಗ ಹಾಗೇ ಉಳಿಯುತ್ತದೆ. ಹಾಗೆಂದು ಗಿಡವನ್ನು ಪೂರ್ತಿ ಬೋಳಿಸಬಾರದು. ಅರ್ಧಕ್ಕಿಂತ ಹೆಚ್ಚು ಎಲೆಗೆ ಚುಕ್ಕೆ ಬಂದಿದ್ದರೆ ತೀರಾ ಹಳದಿಯಾದವನ್ನು ಮಾತ್ರ ಈಗ ತೆಗೆದು, ಉಳಿದವನ್ನು ಹೊಸ ಚಿಗುರು ಬಂದ ಮೇಲೆ ತೆಗೆಯಿರಿ. ಮಣ್ಣಿನ ಮೇಲೆ ಎರಡು ಅಂಗುಲ ತೆಂಗಿನ ನಾರು ಹಾಸಿದರೆ ಹನಿ ಸಿಡಿಯುವುದು ಕಡಿಮೆಯಾಗುತ್ತದೆ.

ಔಷಧಿಯ ವಿಷಯಕ್ಕೆ ಬಂದರೆ, ಗೊಬ್ಬರದಂಗಡಿಯಲ್ಲಿ ಸುಲಭವಾಗಿ ಸಿಗುವ ಮ್ಯಾಂಕೋಜೆಬ್ 75 ಡಬ್ಲ್ಯುಪಿ ಪುಡಿಯನ್ನು ಲೀಟರ್ ನೀರಿಗೆ 2 ಗ್ರಾಂ ಬೆರೆಸಿ ಹೊಡೆಯುವುದು ರೂಢಿ. ಆರು ಕುಂಡಕ್ಕೆ ಎರಡು ಲೀಟರ್, ಅಂದರೆ 4 ಗ್ರಾಂ ಸಾಕು. ಅದು ಎಲೆಯ ಹೊರಗೆ ಕಾವಲು ನಿಲ್ಲುವ ಔಷಧಿ, ಒಳಹೊಕ್ಕ ರೋಗವನ್ನು ವಾಸಿಮಾಡದು. ಆದ್ದರಿಂದ ಮಳೆ ಬರುವ ಮೊದಲೇ ಹೊಡೆಯಬೇಕು. ಬೆಳಿಗ್ಗೆ, ಎಲೆಯ ಕೆಳಮೈಗೂ ತಾಗುವಂತೆ ಹೊಡೆದು ಚೆನ್ನಾಗಿ ಒಣಗಲು ಬಿಡಿ. ಏಳರಿಂದ ಹತ್ತು ದಿನಕ್ಕೊಮ್ಮೆ ಮತ್ತೆ ಹೊಡೆಯಬೇಕು, ಏಕೆಂದರೆ ಆ ನಡುವೆ ಬಂದ ಹೊಸ ಎಲೆಗಳ ಮೇಲೆ ಔಷಧಿ ಇರುವುದೇ ಇಲ್ಲ. ರೋಗ ಆಗಲೇ ಏರಿದ್ದರೆ ಒಂದು ಸರದಿಗೆ ಅದರ ಬದಲು ಕಾರ್ಬೆಂಡಾಜಿಮ್ ಲೀಟರಿಗೆ 1 ಗ್ರಾಂ ಹೊಡೆಯಬಹುದು. ಅದು ಎಲೆಯೊಳಗೂ ಇಳಿಯುತ್ತದೆ. ಆದರೆ ಅದನ್ನೇ ಮತ್ತೆ ಮತ್ತೆ ಹೊಡೆದರೆ ಶಿಲೀಂಧ್ರ ಜಗ್ಗದಂತಾಗುತ್ತದೆ. ಕೈಗವಸು, ಮೂಗುಬಟ್ಟೆ ಇರಲಿ, ಪೊಟ್ಟಣದ ಮೇಲಿನ ಸೂಚನೆ ಓದಿಕೊಳ್ಳಿ. ಗುಲ್ಕಂದಿಗೆಂದು ದಳ ಬಿಡಿಸುವ ಪನ್ನೀರು ಗುಲಾಬಿಗೆ ಈ ಯಾವುದನ್ನೂ ಹೊಡೆಯಬೇಡಿ. ಬೇವಿನೆಣ್ಣೆಯ ಮೇಲೆ ಬಹಳ ಜನಕ್ಕೆ ನಂಬಿಕೆ. ರೋಗ ಸಣ್ಣದಿದ್ದಾಗ ಅದು ಅಷ್ಟಿಷ್ಟು ತಡೆದೀತು, ಜೋರು ಮಳೆಯಲ್ಲಿ ಅದನ್ನೊಂದೇ ನೆಚ್ಚಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಔಷಧಿ ಹೊಡೆದ ಮೇಲೂ ಹಳೆಯ ಚುಕ್ಕೆ ಹಾಗೇ ಇರುತ್ತದೆ. ಅದನ್ನು ನೋಡಿ ಔಷಧಿ ಕೆಲಸ ಮಾಡಲಿಲ್ಲವೆಂದು ಪ್ರಮಾಣ ಹೆಚ್ಚಿಸುವವರಿದ್ದಾರೆ. ನೋಡಬೇಕಾದದ್ದು ಎರಡು ಮೂರು ವಾರದ ನಂತರ ತುದಿಯಲ್ಲಿ ಬಂದ ಎಲೆಗಳನ್ನು. ಅವು ಚೊಕ್ಕಟವಾಗಿದ್ದರೆ ಕೆಲಸ ಸಾಗಿದೆ ಎಂದರ್ಥ.

ಆರು ಕುಂಡಗಳಲ್ಲಿ ಹಳದಿ ಹೂವಿನದ್ದೇ ಮೊದಲು ಬೋಳಾಗುವುದು ಆಗಾಗ ಕಾಣುವ ಸಂಗತಿ. ಇದಕ್ಕೊಂದು ಹಿನ್ನೆಲೆಯಿದೆ. ಫ್ರಾನ್ಸಿನ ಲಿಯಾನ್‌ನ ಗುಲಾಬಿ ತಳಿಗಾರ ಪರ್ನೆ ದುಶೆ 1900ರಲ್ಲಿ ಹೊರತಂದ ಸೊಲೇ ದೋರ್ ತಳಿಯ ಮೂಲಕ ಇಂದಿನ ತೋಟದ ಗುಲಾಬಿಗಳಿಗೆ ಗಾಢ ಹಳದಿ ಬಂತು. ಆ ಬಣ್ಣ ಕೊಟ್ಟ ರೋಸಾ ಫೀಟಿಡಾ ಎಂಬ ಗುಲಾಬಿಗೆ ಕಪ್ಪು ಚುಕ್ಕೆ ಬಲು ಬೇಗ ತಗಲುತ್ತದೆ, ಬಣ್ಣದ ಜೊತೆ ಆ ದೌರ್ಬಲ್ಯವೂ ಬಂತು. ಹೊಸ ಗಿಡ ಕೊಳ್ಳುವವರು ಮಳೆಗಾಲದಲ್ಲೇ ನರ್ಸರಿಗೆ ಹೋಗಿ, ಹೂವಿನ ಬದಲು ಬುಡದ ಎಲೆ ನೋಡಿ ಆರಿಸುವುದು ಒಳ್ಳೆಯದು.

ಅಕ್ಟೋಬರ್‌ನಲ್ಲಿ ಮಳೆ ತಗ್ಗಿದಾಗ ಗಿಡ ಸವರುವ ಕಾಲ. ಎಳೆಯ ಕಡ್ಡಿಗಳ ಮೇಲೆ ಕೆನ್ನೇರಳೆ ಬಣ್ಣದ, ಸ್ವಲ್ಪ ಉಬ್ಬಿದ ಕಲೆಗಳಿದ್ದರೆ ಅದರಲ್ಲೂ ರೋಗ ಅಡಗಿರುತ್ತದೆ. ಕಲೆಯ ಕೆಳಗೆ ಕತ್ತರಿಸಿ, ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿ, ಕತ್ತರಿಸಿದ ಕಡ್ಡಿಗಳನ್ನೂ ಎಲೆಗಳ ಜೊತೆಗೇ ಹೊರಗೆ ಹಾಕಿ.