12 ಅಂಕ 10ಕ್ಕಿಂತ ದೊಡ್ಡದೆಂಬ ನಂಬಿಕೆ

ಪ್ರಾಜೆಕ್ಟ್ ಸಭೆಗಳಲ್ಲಿ ತಪ್ಪದೆ ಕಾಣಿಸುವ ಒಂದು ಪಟ್ಟಿಯಿದೆ, ರಿಸ್ಕ್ ರಿಜಿಸ್ಟರ್ ಅಂತ. ಪ್ರತಿ ಅಪಾಯದ ಎದುರು ಎರಡು ಅಂಕಿ ಇರುತ್ತವೆ. ಅದು ಸಂಭವಿಸುವ ಸಾಧ್ಯತೆಗೆ 1ರಿಂದ 5, ಸಂಭವಿಸಿದರೆ ಆಗುವ ಪರಿಣಾಮಕ್ಕೆ 1ರಿಂದ 5. ಎರಡನ್ನೂ ಗುಣಿಸುತ್ತಾರೆ, ಬಂದ ಅಂಕಗಳನ್ನು ಮೇಲಿಂದ ಕೆಳಕ್ಕೆ ಜೋಡಿಸುತ್ತಾರೆ, ಇಪ್ಪತ್ತೈದು ಚೌಕದ ಮ್ಯಾಟ್ರಿಕ್ಸ್‌ಗೆ ಕೆಂಪು, ಹಳದಿ, ಹಸಿರು ಬಳಿಯುತ್ತಾರೆ. ಅಲ್ಲಿಗೆ 12 ಅಂಕದ ರಿಸ್ಕ್ 10 ಅಂಕದ್ದಕ್ಕಿಂತ ದೊಡ್ಡದು, 6 ಅಂಕದ್ದರ ಎರಡು ಪಟ್ಟು ಎಂದು ಕೂತವರೆಲ್ಲ ಒಪ್ಪಿಬಿಡುತ್ತಾರೆ. ಎಂಜಿನಿಯರಿಂಗ್ ಓದಿದವರೂ ಒಪ್ಪುತ್ತಾರೆ, ಲೆಕ್ಕಪತ್ರ ನೋಡುವವರೂ ಒಪ್ಪುತ್ತಾರೆ. ಗುಣಾಕಾರ ಬಲ್ಲ ಜನ ಹೀಗೆ ನಂಬುವುದನ್ನು ನೋಡಿದಾಗಲೆಲ್ಲ ನನಗೆ ತಾಳ್ಮೆ ಕೆಡುತ್ತದೆ.

ಈ 1, 2, 3, 4, 5 ಎಂಬವು ಅಳತೆಗಳಲ್ಲ, ಸರತಿ ಸೂಚಿಸುವ ಗುರುತುಗಳು. ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್, ಎರಡನೇ ರ‍್ಯಾಂಕ್ ಅಂದಾಗ ಯಾರು ಮುಂದೆ ಎಂದಷ್ಟೇ ಗೊತ್ತಾಗುತ್ತದೆ, ಇಬ್ಬರ ನಡುವೆ ಎಷ್ಟು ಅಂಕದ ಅಂತರವಿತ್ತೆಂದು ತಿಳಿಯುವುದಿಲ್ಲ. ಎರಡು ವಿಷಯಗಳ ರ‍್ಯಾಂಕನ್ನು ಯಾರೂ ಗುಣಿಸುವುದೂ ಇಲ್ಲ. ಸರತಿಯ ಸಂಖ್ಯೆ ಬೇರೆ, ಅಳತೆಯ ಸಂಖ್ಯೆ ಬೇರೆ, ಮೊದಲನೆಯದರ ಮೇಲೆ ಎಲ್ಲ ಲೆಕ್ಕವೂ ನಡೆಯುವುದಿಲ್ಲ ಎಂದು ಹಾರ್ವರ್ಡ್‌ನ ಮನಃಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ 1946ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಬಿಡಿಸಿ ಬರೆದಿದ್ದರು.

ತತ್ತ್ವ ಬಿಟ್ಟು ರೂಪಾಯಿಗೆ ಬರೋಣ. ಒಂದು ಟ್ರಸ್ಟ್ ತನ್ನ ಆಸ್ಪತ್ರೆಗೆ 20 ಕೋಟಿ ರೂಪಾಯಿಯ ಹೊಸ ಬ್ಲಾಕ್ ಕಟ್ಟಿಸುತ್ತಿದೆ ಎಂದಿಟ್ಟುಕೊಳ್ಳಿ. ಸಾಧ್ಯತೆಯ ಪಟ್ಟಿ ಹೀಗಿದೆ: ಶೇ 10ರ ಒಳಗಿದ್ದರೆ 1, 30ರವರೆಗೆ 2, 50ರವರೆಗೆ 3, 70ರವರೆಗೆ 4, ಅದಕ್ಕೂ ಮೇಲೆ 5. ಪರಿಣಾಮದ ಪಟ್ಟಿಯಲ್ಲಿ 5 ಲಕ್ಷದ ಒಳಗಿನ ನಷ್ಟಕ್ಕೆ 1, 20 ಲಕ್ಷದವರೆಗೆ 2, 50 ಲಕ್ಷದವರೆಗೆ 3, ಒಂದು ಕೋಟಿಯವರೆಗೆ 4, ಮೀರಿದರೆ 5. ಇಂಥ ಪಟ್ಟಿಗಳು ಎಲ್ಲ ಕಡೆ ಇವೆ, ಇದರಲ್ಲಿ ವಿಶೇಷವೇನೂ ಇಲ್ಲ.

ಈಗ ಎರಡು ರಿಸ್ಕ್ ತೆಗೆದುಕೊಳ್ಳಿ. ಮೊದಲನೆಯದು, ಮುಂಗಾರು ಬೇಗ ಹಿಡಿದು ಪಾಯದ ಗುಂಡಿಯಲ್ಲಿ ನೀರು ನಿಂತು ಕೆಲಸ ನಿಲ್ಲುವುದು. ಸಾಧ್ಯತೆ ಶೇ 60, ನಷ್ಟ 25 ಲಕ್ಷ. ಅಂಕ 4 × 3, ಅಂದರೆ 12. ಎರಡನೆಯದು, ಜಾಗದ ಒಂದು ಭಾಗ ಹಿಂದೆ ಕೆರೆಯಂಗಳವಾಗಿದ್ದು ಮಣ್ಣು ತುಂಬಿದ ನೆಲವಾಗಿರುವುದು. ಹಾಗಿದ್ದರೆ ಮಾಮೂಲಿ ಪಾಯ ಸಾಲದು, ಪೈಲ್ ಇಳಿಸಬೇಕು. ಸಾಧ್ಯತೆ ಶೇ 25, ಹೆಚ್ಚುವರಿ ಖರ್ಚು 3 ಕೋಟಿ. ಅಂಕ 2 × 5, ಅಂದರೆ 10.

ಮಳೆಯ ರಿಸ್ಕ್ ಪಟ್ಟಿಯ ತಲೆಯಲ್ಲಿ ಕೂರುತ್ತದೆ. ಆದರೆ ಸಾಧ್ಯತೆಯನ್ನೂ ಹಣವನ್ನೂ ನೇರವಾಗಿ ಗುಣಿಸಿದರೆ ಮಳೆಯದು ಸರಾಸರಿ 15 ಲಕ್ಷ, ಮಣ್ಣಿನದು 75 ಲಕ್ಷ. ಐದು ಪಟ್ಟು ದೊಡ್ಡದು ಕೆಳಗಿದೆ, ಚಿಕ್ಕದು ಮೇಲಿದೆ. 12 ಮತ್ತು ಅದಕ್ಕೂ ಹೆಚ್ಚಿನದು ಮಾತ್ರ ಟ್ರಸ್ಟಿಗಳ ಮುಂದೆ ಹೋಗಬೇಕೆಂಬ ನಿಯಮವಿದ್ದರೆ ಮಣ್ಣಿನ ವಿಷಯ ಅವರ ಕಿವಿಗೇ ಬೀಳುವುದಿಲ್ಲ. ಸಭೆಯೆಲ್ಲ ಪಂಪ್‌ಸೆಟ್ ಬಾಡಿಗೆಯ ಚರ್ಚೆಯಲ್ಲಿ ಕಳೆಯುತ್ತದೆ. ಇನ್ನೊಂದಿಷ್ಟು ಬೋರ್‌ಹೋಲ್ ಹಾಕಿಸಿ ಮಣ್ಣು ಪರೀಕ್ಷೆ ಮಾಡಿಸಿದ್ದರೆ ತೀರುತ್ತಿದ್ದ ಅನುಮಾನ, ಪಾಯ ತೋಡುವಾಗ 3 ಕೋಟಿಯ ಬಿಲ್ಲಾಗಿ ಎದ್ದು ನಿಲ್ಲುತ್ತದೆ.

ಇದು ಹುಡುಕಿ ತಂದ ಅಪರೂಪದ ಜೋಡಿ ಎನ್ನುವವರಿಗೆ ಲೂಯಿ ಆಂಟನಿ ಕಾಕ್ಸ್ 2008ರಲ್ಲಿ ‘ರಿಸ್ಕ್ ಅನಾಲಿಸಿಸ್’ ಪತ್ರಿಕೆಯಲ್ಲಿ ಬರೆದ ಲೇಖನವನ್ನು ತೋರಿಸಬೇಕು. ಸಾಧ್ಯತೆ ಏರಿದಂತೆ ಪರಿಣಾಮ ಇಳಿಯುವ ಕಡೆ ಇಂಥ ಮ್ಯಾಟ್ರಿಕ್ಸ್ ಕೊಡುವ ತೀರ್ಪು ಕಣ್ಣುಮುಚ್ಚಿ ಚೀಟಿ ಎತ್ತಿದ್ದಕ್ಕಿಂತಲೂ ಕೆಟ್ಟದಾಗಿರಬಹುದು ಎಂದು ಅವರು ಗಣಿತದಿಂದಲೇ ತೋರಿಸಿದರು. ಪ್ರಾಜೆಕ್ಟುಗಳಲ್ಲಿ ಬಹುಪಾಲು ಹಾಗೇ ಅಲ್ಲವೇ? ಮೇಲಿಂದ ಮೇಲೆ ಬರುವ ತೊಂದರೆಗಳು ಚಿಕ್ಕವು, ಮುಳುಗಿಸುವಂಥವು ಅಪರೂಪದವು. ಒಂದೇ ಚೌಕದ ಒಳಗೂ ಸಮಾನತೆ ಇರುವುದಿಲ್ಲ. ಮೇಲಿನ ಪಟ್ಟಿಯ 3 × 3 ಚೌಕದಲ್ಲಿ ಶೇ 31 ಸಾಧ್ಯತೆಯ 21 ಲಕ್ಷದ ನಷ್ಟವೂ ಇರಬಹುದು, ಶೇ 49 ಸಾಧ್ಯತೆಯ 49 ಲಕ್ಷದ ನಷ್ಟವೂ ಇರಬಹುದು. ಸರಾಸರಿ ಒಂದರದು ಆರೂವರೆ ಲಕ್ಷ, ಇನ್ನೊಂದರದು 24 ಲಕ್ಷ. ಎರಡಕ್ಕೂ ಅಂಕ 9.

ಪರಿಹಾರ ಗೊತ್ತಿಲ್ಲದ ಸಮಸ್ಯೆಯೂ ಇದಲ್ಲ. ಪಿಎಂಐ ಸಂಸ್ಥೆಯ ಪಿಂಬಾಕ್ ಕೈಪಿಡಿಯ ಹಳೆಯ ಆವೃತ್ತಿಗಳಲ್ಲಿ ಪರಿಣಾಮಕ್ಕೆ 1ರಿಂದ 5ರ ಬದಲು 0.05, 0.10, 0.20, 0.40, 0.80 ಎಂಬ ದುಪ್ಪಟ್ಟಾಗುತ್ತ ಹೋಗುವ ಅಂಕಿಗಳಿದ್ದವು. ಸಾಧ್ಯತೆಗೆ 0.1, 0.3, 0.5, 0.7, 0.9. ಅದರಲ್ಲಿ ನಮ್ಮ ಮಳೆಗೆ 0.7 × 0.20, ಅಂದರೆ 0.14 ಬರುತ್ತದೆ. ಮಣ್ಣಿಗೆ 0.3 × 0.80, ಅಂದರೆ 0.24. ಸರತಿ ತಾನಾಗಿ ಸರಿಯಾಯಿತು. ದೊಡ್ಡ ಹೊಡೆತಕ್ಕೆ ಹೆಚ್ಚು ತೂಕ ಸಿಗಲಿ ಎಂದೇ ಹಾಗೆ ಮಾಡಿದ್ದು. ದಶಮಾಂಶ ಕಣ್ಣಿಗೆ ಹಿತವಲ್ಲ ಎಂದು ಅದನ್ನು 1ರಿಂದ 5ಕ್ಕೆ ‘ಸರಳ’ ಮಾಡಿದವರು ಅದರ ಜೀವವನ್ನೇ ತೆಗೆದರು. ಚೌಕದೊಳಗಿನ ಅಸಮಾನತೆ ಮಾತ್ರ ಇಲ್ಲೂ ಹೋಗುವುದಿಲ್ಲ. ಆದ್ದರಿಂದ ಕೆಂಪು ಚೌಕಕ್ಕೆ ಬಿದ್ದ ಮೂರು ನಾಲ್ಕು ರಿಸ್ಕ್‌ಗಳಿಗಾದರೂ ಅಂಕ ಬದಿಗಿಟ್ಟು ಶೇಕಡಾವಾರು ಮತ್ತು ರೂಪಾಯಿಯನ್ನೇ ಬರೆಯಬೇಕು.

‘ಸಾಧ್ಯತೆ ಹೆಚ್ಚು’ ಎಂಬ ಪದ ಎಲ್ಲರಿಗೂ ಒಂದೇ ಅರ್ಥ ಕೊಡುತ್ತದೆ ಎಂಬುದು ಇನ್ನೊಂದು ನಂಬಿಕೆ. 1951ರಲ್ಲಿ ಯುಗೊಸ್ಲಾವಿಯದ ಮೇಲೆ ದಾಳಿಯಾಗುವ ‘ಗಂಭೀರ ಸಾಧ್ಯತೆ’ ಇದೆ ಎಂದು ಅಮೆರಿಕದ ಗುಪ್ತಚರ ವರದಿಯೊಂದು ಹೇಳಿತ್ತು. ಸಿಐಎಯ ಶರ್ಮನ್ ಕೆಂಟ್ ಆಮೇಲೆ ಆ ಪದವನ್ನು ಒಪ್ಪಿದ್ದ ತಮ್ಮ ಸಹೋದ್ಯೋಗಿಗಳನ್ನೇ ವಿಚಾರಿಸಿದರೆ, ಒಬ್ಬರ ಮನಸ್ಸಿನಲ್ಲಿ ಶೇ 20 ಇತ್ತು, ಇನ್ನೊಬ್ಬರಲ್ಲಿ 80. ತಡೆಯೋಜನೆ ಬರೆದ ದಿನವೇ ಅಂಕ ಇಳಿಯುತ್ತದೆ ಎಂಬ ನಂಬಿಕೆಯೂ ಇದೆ. ಬೋರ್‌ಹೋಲ್ ಹಾಕಿ ವರದಿ ಕೈಗೆ ಬರುವವರೆಗೆ ನೆಲದಡಿಯ ಮಣ್ಣಿನ ಬಗ್ಗೆ ನಮಗೆ ತಿಳಿದದ್ದು ಒಂದಿಷ್ಟೂ ಹೆಚ್ಚಿರುವುದಿಲ್ಲ.

ಸರಾಸರಿ 75 ಲಕ್ಷ ಎಂದೆ. ಆ 75 ಲಕ್ಷ ಯಾವತ್ತೂ ಖರ್ಚಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಒಂದೋ ಸೊನ್ನೆ, ಇಲ್ಲವೇ 3 ಕೋಟಿ. ಆದ್ದರಿಂದ ಉಳಿಯುವ ಪ್ರಶ್ನೆ ಒಂದೇ: 3 ಕೋಟಿಯ ಹೊಡೆತ ಬಿದ್ದರೆ ಈ ಟ್ರಸ್ಟ್ ತಡೆದುಕೊಳ್ಳುತ್ತದೆಯೇ? ಇದಕ್ಕೆ ಮ್ಯಾಟ್ರಿಕ್ಸಿನಲ್ಲಿ ಉತ್ತರವಿಲ್ಲ. ಉತ್ತರ ಹೇಳಬೇಕಾದವರು ಹಣ ಹಾಕುವ ಸ್ಪಾನ್ಸರ್, ಇಲ್ಲಿ ಆಡಳಿತ ಟ್ರಸ್ಟಿ.

ಅವರನ್ನು ಹೇಗೆ ಕೇಳುತ್ತಾರೆ ಗೊತ್ತೇ? ‘ಸರ್, ನಿಮ್ಮ ರಿಸ್ಕ್ ಅಪೆಟೈಟ್ ಏನು?’ ಎನ್ನುತ್ತಾರೆ. ಅವರು ‘ಕಡಿಮೆ’ ಎನ್ನುತ್ತಾರೆ. ಅದನ್ನು ಬರೆದುಕೊಂಡು, ಸಾಫ್ಟ್‌ವೇರಿನಲ್ಲಿ ಮೊದಲೇ ಇದ್ದ ಕೆಂಪು ಗೆರೆಯನ್ನೇ ಅವರ ಒಪ್ಪಿಗೆ ಎಂದು ದಾಖಲಿಸುತ್ತಾರೆ. ‘ಕಡಿಮೆ’ ಎಂಬ ಉತ್ತರದಿಂದ ಯಾವ ನಿರ್ಧಾರವೂ ಹುಟ್ಟುವುದಿಲ್ಲ. ಕೇಳಬೇಕಾದದ್ದು ಹೀಗೆ: ‘ಸರ್, ಹೆಚ್ಚುವರಿ ಎಷ್ಟು ಹಣದವರೆಗೆ ನಾನೇ ನೋಡಿಕೊಳ್ಳಲಿ? ಎಷ್ಟಾದರೆ ನಿಮಗೆ ಅದೇ ದಿನ ಫೋನ್ ಮಾಡಲಿ? ಎಷ್ಟಾದರೆ ನೀವೊಬ್ಬರೇ ಒಪ್ಪಲಾರದೆ ಟ್ರಸ್ಟ್ ಸಭೆ ಕರೆಯಬೇಕಾಗುತ್ತದೆ? ಎಷ್ಟಾದರೆ ಕಟ್ಟಡವೇ ನಿಲ್ಲುತ್ತದೆ?’ ಉತ್ತರ 10 ಲಕ್ಷ, 10ರ ಮೇಲೆ ಹೋದರೆ, 40 ಲಕ್ಷದ ಮೇಲೆ, ಒಂದೂವರೆ ಕೋಟಿ ಎಂದು ಬಂತೆನ್ನಿ. ಈಗ ಪರಿಣಾಮದ ಪಟ್ಟಿಯನ್ನು ಈ ಗೆರೆಗಳ ಮೇಲೆ ಕಟ್ಟಬೇಕು. ಒಂದೂವರೆ ಕೋಟಿ ದಾಟಿದರೆ 5, 40 ಲಕ್ಷದಿಂದ ಒಂದೂವರೆ ಕೋಟಿಯವರೆಗೆ 4, 10ರಿಂದ 40 ಲಕ್ಷದವರೆಗೆ 3, ಮ್ಯಾನೇಜರ್ ಕೈಯಳತೆಯ 10 ಲಕ್ಷದೊಳಗೆ 2 ಮತ್ತು 1. ಆಗ ಪ್ರತಿ ಅಂಕಿಗೂ ಯಾರ ಸಹಿ ಬೇಕೆಂಬ ಅರ್ಥ ಬರುತ್ತದೆ. ಸಾಮಾನ್ಯವಾಗಿ ನಡೆಯುವುದು ತಿರುಗುಮುರುಗು: ಪಟ್ಟಿಯನ್ನು ಎಲ್ಲಿಂದಲೋ ತಂದು, ಕೊನೆಗೆ ಗೆರೆ ಎಳೆಯುವುದು.

ವಿಳಂಬಕ್ಕೆ ಬೇರೆ ಗೆರೆ ಬೇಕು. ಹಣದಲ್ಲಿ ಉದಾರವಾಗಿರುವ ಟ್ರಸ್ಟಿಯೇ ಬ್ಯಾಂಕ್ ಸಾಲದ ಕಂತು ಶುರುವಾಗುವ ತಿಂಗಳ ಮುಂಚೆ ಬ್ಲಾಕ್ ತೆರೆಯಲೇಬೇಕು ಎಂದು ಹಟ ಹಿಡಿಯಬಹುದು. ಕೂಲಿಯವರ ಜೀವದ ಅಪಾಯವನ್ನಂತೂ ಈ ಗುಣಾಕಾರಕ್ಕೆ ತರಲೇಬಾರದು. ಸಾಧ್ಯತೆ 1 ಎಂಬ ಕಾರಣಕ್ಕೆ ಆಳದ ಗುಂಡಿಯ ಗೋಡೆ ಕುಸಿತವನ್ನು ಹಸಿರು ಚೌಕದಲ್ಲಿ ಕೂರಿಸಿದ ಪಟ್ಟಿ ನೋಡಿದರೆ ಹೊಟ್ಟೆ ಉರಿಯುತ್ತದೆ.

ಗೆರೆ ನಿಜವಾಗಿ ಒಪ್ಪಿಗೆಯಾಗಿದೆಯೇ ಎಂದು ಪರೀಕ್ಷಿಸಲು ಮಳೆ ಮತ್ತು ಮಣ್ಣಿನಂಥ ಜೋಡಿಯನ್ನು ಅಂಕ ಹೇಳದೆ ಸ್ಪಾನ್ಸರ್ ಮುಂದಿಟ್ಟು, ‘ಇವೆರಡರಲ್ಲಿ ಯಾವುದಕ್ಕೆ ಮೊದಲು ಹಣ ಬಿಡುತ್ತೀರಿ?’ ಎಂದು ಕೇಳಿ. ಅವರ ಉತ್ತರಕ್ಕೂ ಚೌಕದ ಬಣ್ಣಕ್ಕೂ ತಾಳೆಯಾಗದಿದ್ದರೆ ಬದಲಿಸಬೇಕಾದದ್ದು ಬಣ್ಣ. ಅವರು ಮೊದಲು ಆರಿಸಿದ್ದರ ಚೌಕಕ್ಕೆ ನೇರವಾಗಿ ಕೆಂಪು ಹಚ್ಚಿ, ಗುಣಲಬ್ಧ ಏನೇ ಹೇಳಲಿ.

ಕೆಟ್ಟುಹೋದ ಗೆರೆಯನ್ನು ಗುರುತಿಸುವುದೂ ಕಷ್ಟವಲ್ಲ. 1ರಿಂದ 5ರ ಎರಡು ಅಂಕಿ ಗುಣಿಸಿದರೆ ಬರಬಹುದಾದ ಬೇರೆ ಬೇರೆ ಉತ್ತರ 14 ಮಾತ್ರ. 11 ಬರುವುದೇ ಇಲ್ಲ. ಹೀಗಾಗಿ ಗೆರೆ 12ಕ್ಕಿದ್ದರೆ ಅದರ ಕೆಳಗಿನ ಮೆಟ್ಟಿಲು 10. ಪಟ್ಟಿಯಲ್ಲಿ 10 ಅಂಕದವು ಗುಂಪುಗೂಡಿ 12ರವು ಬೆರಳೆಣಿಕೆಯಷ್ಟಿದ್ದರೆ, ಮೇಲಿನವರ ಪ್ರಶ್ನೆ ತಪ್ಪಿಸಿಕೊಳ್ಳಲು ಯಾರೋ ಅಂಕ ಇಳಿಸಿದ್ದಾರೆ ಎಂದು ಅನುಮಾನಿಸಿ, ಒಂದೊಂದನ್ನೂ ತೆರೆಸಿ ನೋಡಬೇಕು. ಯಾರೂ ನೋಡುವುದಿಲ್ಲ. ಬಾಯಿಮಾತಿನಲ್ಲಿ ‘ಮಣ್ಣು ಸರಿಯಿಲ್ಲವೇನೋ’ ಎಂದ ಸೈಟ್ ಎಂಜಿನಿಯರನ್ನು ನೂರು ಪ್ರಶ್ನೆ ಕೇಳುವ ಜನ, ಅದೇ ಅನುಮಾನ 10 ಎಂಬ ಅಂಕಿಯಾಗಿ ಹಳದಿ ಚೌಕದಲ್ಲಿ ಕೂತೊಡನೆ ತಲೆಯಾಡಿಸುತ್ತಾರೆ. ಅಂಕಿ ಕಂಡರೆ ಯಾರೋ ಅಳೆದಿದ್ದಾರೆ ಎಂದು ನಂಬುವ ಈ ಅಭ್ಯಾಸ ಸಭೆಯ ಕೋಣೆಯಲ್ಲಷ್ಟೇ ಇಲ್ಲ, ಕಾಲೇಜುಗಳ ಶ್ರೇಯಾಂಕ ನೋಡಿ ಮಗುವನ್ನು ಸೇರಿಸುವ ಮನೆಯಲ್ಲೂ ಇದೆ. ಹೇಗೆ ಅಳೆದಿರಿ ಎಂದು ಕೇಳುವುದು ಅವಮರ್ಯಾದೆ ಎಂಬಂತೆ ನಾವು ಬೆಳೆದಿದ್ದೇವೆ.

ಒಪ್ಪಿಕೊಂಡ ಗೆರೆ ಶಾಶ್ವತವೂ ಅಲ್ಲ. ಒಂದೂವರೆ ಕೋಟಿ ಎಂದು ಟ್ರಸ್ಟಿ ಹೇಳಿದ್ದು ಮೀಸಲು ಹಣ ಪೂರ್ತಿ ಇದ್ದಾಗ. ಮಳೆಗೆ 25 ಲಕ್ಷ, ಸಿಮೆಂಟ್ ಬೆಲೆಗೆ ಇನ್ನಷ್ಟು ಹೋದ ಮೇಲೆ ಅದೇ ಟ್ರಸ್ಟ್ ಒಂದು ಕೋಟಿಗೇ ಕುಸಿಯಬಹುದು. ಹಾಗಾಗಿ ಗೆರೆಯ ಪಕ್ಕದಲ್ಲಿ ಅದನ್ನು ಒಪ್ಪಿದ ತಾರೀಖು, ಆ ದಿನ ಉಳಿದಿದ್ದ ಮೀಸಲು, ಸಹಿ ಮಾಡಿದವರ ಹೆಸರು ಮೂರೂ ಇರಬೇಕು. ಮೂರರಲ್ಲಿ ಒಂದು ಬದಲಾದರೂ ಮತ್ತೆ ಹೋಗಿ ಅದೇ ನಾಲ್ಕು ಪ್ರಶ್ನೆ ಕೇಳಬೇಕು.