800 ಅಂಗಿಗೆ ಒಂದು ಪುಟ

ಶಾಲೆಯೊಂದು ಸಮವಸ್ತ್ರದ 800 ಅಂಗಿಗಳನ್ನು ಹೊಲಿಸಬೇಕಿದೆ ಎಂದುಕೊಳ್ಳೋಣ. ಗಾರ್ಮೆಂಟ್ಸ್‌ನವರು ಅಂಗಿಗೆ 300 ರೂಪಾಯಿ ಹೇಳಿದ್ದಾರೆ, ಫೋನಿನಲ್ಲೇ ಎಲ್ಲ ಮುಗಿದಿದೆ. ಇನ್ನು ಅದನ್ನು ಕಾಗದಕ್ಕೆ ಇಳಿಸಬೇಕು. ಫೋನಿನಲ್ಲಿ ಇಬ್ಬರೂ ‘ಹೂಂ’ ಅಂದದ್ದು ಬೇರೆ ಬೇರೆ ಮಾತಿಗೆ ಎಂಬುದು ಗೊತ್ತಾಗುವುದು ಸಾಮಾನ್ಯವಾಗಿ ಆಗಲೇ.

‘ಬಿಳಿ ಅಂಗಿ 800’ ಎಂದಷ್ಟೇ ಬರೆದರೆ ಸಾಲದು. ಪಾಲಿಯೆಸ್ಟರ್–ಕಾಟನ್ 67:33 ಬಟ್ಟೆ, ಅರ್ಧ ತೋಳು, ಯಾವ ಸೈಜಿನವು ಎಷ್ಟು, ಎರಡೂ ಕಡೆಯವರು ಸಹಿ ಹಾಕಿದ ಸ್ಯಾಂಪಲ್ ಅಂಗಿ ಯಾರ ಬಳಿ ಇದೆ, ಇಷ್ಟೂ ಬೇಕು. 300 ರೂಪಾಯಿಯಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ? ತೆರಿಗೆ ಶೇ. 5 ಎಂದರೂ 2,40,000ದ ಬಿಲ್ಲು 2,52,000 ಆಗುತ್ತದೆ. ಸಾಗಾಣಿಕೆ ಬಾಡಿಗೆಯದೂ ಇದೇ ಕಥೆ.

‘ಮುಂಗಡ ಶೇ. 30, ಉಳಿದದ್ದು 30 ದಿನದಲ್ಲಿ’ ಎಂದರೆ ಯಾವತ್ತಿನಿಂದ? ಬಿಲ್ಲಿನ ತಾರೀಖಿನಿಂದಲೋ, ಮಾಲು ಪರೀಕ್ಷಿಸಿ ಒಪ್ಪಿಕೊಂಡ ದಿನದಿಂದಲೋ? ಹೊಲಿಯುವವರು ನೋಂದಾಯಿತ ಸಣ್ಣ ಉದ್ಯಮವಾದರೆ, 60 ದಿನ ಎಂದು ಬರೆದುಕೊಂಡಿದ್ದರೂ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ 45 ದಿನ ಮೀರುವಂತಿಲ್ಲ.

ಜಗಳ ಹೆಚ್ಚಾಗಿ ಹುಟ್ಟುವುದು ದಂಡದ ಸಾಲಿನಲ್ಲಿ. ಮೇ 15ಕ್ಕೆ 400, ಮೇ 25ಕ್ಕೆ ಉಳಿದ 400. ತಡವಾದರೆ ವಾರಕ್ಕೆ ಶೇ. 1 ದಂಡ. ಎರಡನೆಯ ಕಂತು ಎರಡು ವಾರ ತಡವಾಯಿತು ಎನ್ನಿ. ತಡವಾದ ಮಾಲಿನ ಬೆಲೆಯ ಮೇಲೆ ಲೆಕ್ಕ ಹಾಕಿದರೆ ದಂಡ 2,400 ರೂಪಾಯಿ. ಇಡೀ ಆರ್ಡರಿನ ಮೇಲಾದರೆ 4,800. ಮೇ 25 ಎಂದದ್ದು ಲಾರಿ ಹೊರಡುವ ದಿನವೋ ಶಾಲೆಗೆ ತಲುಪುವ ದಿನವೋ ಎಂಬುದೂ ಅಲ್ಲೇ ತೀರ್ಮಾನವಾಗಬೇಕು. ಹಾಗಂತ ದಂಡವನ್ನು ಲಕ್ಷಕ್ಕೆ ಏರಿಸಿ ಹೆದರಿಸಿ ಪ್ರಯೋಜನವಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮಿನಡಿ ನ್ಯಾಯಾಲಯ ಕೊಡಿಸುವುದು ನ್ಯಾಯವೆನಿಸುವ ಪರಿಹಾರವನ್ನು ಮಾತ್ರ. ಬರೆದ ಮೊತ್ತ ಅದರ ಗರಿಷ್ಠ ಮಿತಿ ಅಷ್ಟೇ.

ಪತ್ರಕ್ಕೆ ಉತ್ತರ ಬಂದಾಗಲೂ ಕಣ್ಣಿಟ್ಟು ಓದಬೇಕು. ‘ಒಪ್ಪಿಗೆಯಿದೆ, ಆದರೆ ಎರಡನೆಯ ಕಂತು ಜೂನ್ 5ಕ್ಕೆ’ ಎಂದಿದ್ದರೆ ಅದು ಒಪ್ಪಿಗೆಯಲ್ಲ. ಒಪ್ಪಿಗೆ ಪೂರ್ತಿಯಾಗಿ, ಷರತ್ತಿಲ್ಲದೆ ಇರಬೇಕೆನ್ನುತ್ತದೆ 7ನೇ ಕಲಮು. ಅದು ಹೊಸ ಪ್ರಸ್ತಾಪ. ಈಗ ಉತ್ತರ ಕೊಡುವ ಸರದಿ ಶಾಲೆಯದು. ಇದನ್ನು ಗಮನಿಸದೆ ಮುಂಗಡ ಕಳಿಸಿಬಿಟ್ಟರೆ ಜೂನ್ 5ನ್ನೇ ಒಪ್ಪಿದಂತಾಗಬಹುದು.

ಕಾಗದ ಸರಿಯಿದ್ದೂ ಹಣ ಕೈತಪ್ಪುವ ಸಂದರ್ಭವೊಂದಿದೆ. ತಾರೀಖಿಗೇ ಬರಬೇಕಿದ್ದ ಮಾಲು ತಡವಾಗಿ ಬಂದಾಗ ಮಾತಿಲ್ಲದೆ ಇಳಿಸಿಕೊಂಡರೆ, 55ನೇ ಕಲಮಿನಂತೆ ಆಮೇಲೆ ತಡದ ಪರಿಹಾರ ಕೇಳುವ ಹಕ್ಕು ಹೋಗಬಹುದು. ಇಳಿಸಿಕೊಳ್ಳುವಾಗಲೇ ಚಲನ್ನಿನ ಮೇಲೆ ‘ತಡವಾಗಿ ಬಂದಿದೆ, ಕರಾರಿನಂತೆ ದಂಡ ಕೇಳುತ್ತೇವೆ’ ಎಂದು ಬರೆದು, ಮಾಲು ತಂದವರ ಸಹಿ ಪಡೆದು, ಗಾರ್ಮೆಂಟ್ಸ್‌ನವರಿಗೆ ಅದೇ ದಿನ ಅದರ ಪ್ರತಿ ಕಳಿಸಬೇಕು.