‘ಒತ್ತಡ ಪರಿಹಾರ ಕವಾಟ ವಸಂತ’ ಅಂದರೆ ಏನು? ಇಂಗ್ಲಿಷ್ ಪದಗಳ ರೈಲನ್ನು ಕನ್ನಡದಲ್ಲಿ ಬಿಡಿಸುವುದು ಹೇಗೆ?

‘ಹೈಡ್ರಾಲಿಕ್ ಪಂಪ್ ಒತ್ತಡ ಪರಿಹಾರ ಕವಾಟ ವಸಂತವನ್ನು ಪರಿಶೀಲಿಸಿ.’ ಟ್ರ್ಯಾಕ್ಟರ್ ಕೈಪಿಡಿಯ ಕನ್ನಡ ಅನುವಾದದಲ್ಲಿ ಇಂಥದೊಂದು ಸಾಲು ಸಿಕ್ಕರೆ ಏನು ಮಾಡುತ್ತೀರಿ? ಫೋಟೊ ತೆಗೆದು ಗ್ರೂಪಿಗೆ ಹಾಕಿ ನಗುತ್ತೀರಿ. ಆದರೆ ಟ್ರ್ಯಾಕ್ಟರ್ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತವರಿಗೆ ಇದು ನಗುವ ವಿಷಯವಲ್ಲ. ಯಾವ ಭಾಗವನ್ನು ಬಿಚ್ಚಬೇಕು ಎಂಬುದೇ ಇದರಲ್ಲಿ ಗೊತ್ತಾಗುವುದಿಲ್ಲ.

ಮೂಲ ಇಂಗ್ಲಿಷಿನಲ್ಲಿ ಇರುವುದು ‘ಹೈಡ್ರಾಲಿಕ್ ಪಂಪ್ ಪ್ರೆಶರ್ ರಿಲೀಫ್ ವಾಲ್ವ್ ಸ್ಪ್ರಿಂಗ್’ ಎಂಬ ಆರು ಪದಗಳ ರೈಲು. ಇದರಲ್ಲಿ ‘ರಿಲೀಫ್’ ಅಂದರೆ ಬರಗಾಲಕ್ಕೆ ಸರ್ಕಾರ ಕೊಡುವ ಪರಿಹಾರ ಅಲ್ಲ, ‘ಸ್ಪ್ರಿಂಗ್’ ಅಂದರೆ ವಸಂತ ಋತುವೂ ಅಲ್ಲ. ಹಾಗಂತ ಈ ಎರಡು ಪದಗಳನ್ನಷ್ಟೇ ತಿದ್ದಿದರೆ ಸಾಲು ಸರಿಹೋಗುವುದಿಲ್ಲ. ಅಸಲಿ ತೊಂದರೆ ಇರುವುದು ಪದಗಳ ನಡುವಿನ ಖಾಲಿ ಜಾಗದಲ್ಲಿ.

ಇಂಗ್ಲಿಷ್ ಹೆಸರುಪದಗಳನ್ನು ಸುಮ್ಮನೆ ಒಂದರ ಪಕ್ಕ ಒಂದು ನಿಲ್ಲಿಸುತ್ತದೆ. ಅವುಗಳ ಸಂಬಂಧ ಏನು ಎಂದು ಹೇಳುವುದಿಲ್ಲ. ಕನ್ನಡದಲ್ಲೂ ಎರಡು ಪದಗಳ ಮಟ್ಟಿಗೆ ಇದು ನಡೆಯುತ್ತದೆ. ‘ತಲೆನೋವು ಮಾತ್ರೆ’ ತಲೆನೋವನ್ನು ಓಡಿಸುತ್ತದೆ, ‘ನಿದ್ದೆ ಮಾತ್ರೆ’ ನಿದ್ದೆಯನ್ನು ತರುತ್ತದೆ. ಯಾವುದು ಓಡಿಸುವುದು, ಯಾವುದು ತರುವುದು ಎಂದು ನಮಗೆ ಮೊದಲೇ ಗೊತ್ತಿರುವುದರಿಂದ ಗೊಂದಲ ಇಲ್ಲ. ಪದಗಳು ಮೂರು, ನಾಲ್ಕು ಆದಂತೆ ಕನ್ನಡಕ್ಕೆ ‘ಇನ’, ‘ಇಂದ’, ‘ಗೆ’, ‘ಅಲ್ಲಿರುವ’, ‘ಮಾಡುವ’ ಎಂಬ ಕೊಂಡಿಗಳು ಬೇಕಾಗುತ್ತವೆ. ಕೊಂಡಿ ಹಾಕಬೇಕಾದರೆ ಸಂಬಂಧ ಗೊತ್ತಿರಬೇಕು. ಅಂದರೆ ಆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪವಾದರೂ ತಿಳಿಯದೆ ಈ ರೈಲನ್ನು ಬಿಡಿಸಲು ಆಗುವುದಿಲ್ಲ.

ಹಾಗಾದರೆ ಯಂತ್ರವನ್ನೇ ನೋಡೋಣ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ನೇಗಿಲನ್ನು ಎತ್ತುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡ. ಪಂಪು ಎಣ್ಣೆಯನ್ನು ತಳ್ಳುತ್ತದೆ. ಹಲವು ಟ್ರ್ಯಾಕ್ಟರುಗಳಲ್ಲಿ ಈ ಒತ್ತಡ 150ರಿಂದ 200 ಬಾರ್‌ವರೆಗೆ ಹೋಗುತ್ತದೆ. ಕಾರಿನ ಟೈರಿನಲ್ಲಿ ಇರುವುದು ಸುಮಾರು 2 ಬಾರ್ ಅಷ್ಟೇ. ಭಾರ ಹೆಚ್ಚಾಗಿ ಒತ್ತಡ ಮಿತಿ ಮೀರಿದರೆ ಪೈಪು ಒಡೆಯಬಹುದು. ಅದನ್ನು ತಡೆಯಲು ಒಂದು ವಾಲ್ವ್ ಇದೆ. ಅದರ ಬಾಯನ್ನು ಒಂದು ಸ್ಪ್ರಿಂಗ್ ಒತ್ತಿ ಮುಚ್ಚಿರುತ್ತದೆ. ಎಣ್ಣೆಯ ಒತ್ತಡ ಸ್ಪ್ರಿಂಗಿನ ಬಲವನ್ನು ಮೀರಿದ ಕೂಡಲೇ ಬಾಯಿ ತೆರೆದು ಹೆಚ್ಚಿನ ಎಣ್ಣೆ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಅಡುಗೆಮನೆಯ ಕುಕ್ಕರಿನ ವೆಯ್ಟ್ ಮಾಡುವುದೂ ಇದನ್ನೇ. ಅಲ್ಲಿ ಸ್ಪ್ರಿಂಗಿನ ಬದಲು ತೂಕ ಇದೆ, ಎಣ್ಣೆಯ ಬದಲು ಹಬೆ ಇದೆ.

ಈಗ ರೈಲಿನ ಕೊನೆಯ ಡಬ್ಬಿಯಿಂದ ಶುರು ಮಾಡಿ ಹಿಂದಕ್ಕೆ ಕೇಳುತ್ತಾ ಹೋಗೋಣ. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಮುಖ್ಯ ಪದ ಇರುವುದು ಕೊನೆಯಲ್ಲೇ, ಅದೊಂದು ಅನುಕೂಲ. ಇದು ಏನು? ಸ್ಪ್ರಿಂಗ್. ಎಲ್ಲಿಯ ಸ್ಪ್ರಿಂಗ್? ವಾಲ್ವಿನ ಒಳಗಿನದು. ಏನು ಮಾಡುವ ವಾಲ್ವ್? ಒತ್ತಡ ತಗ್ಗಿಸುವ ವಾಲ್ವ್. ಎಲ್ಲಿಯ ಒತ್ತಡ? ಹೈಡ್ರಾಲಿಕ್ ಪಂಪಿನದು. ಪ್ರತಿ ಉತ್ತರದಲ್ಲೂ ಕೊಂಡಿ ತಾನಾಗಿಯೇ ಬಂತು, ನೋಡಿ.

ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಕೊನೆಯ ಎರಡು ಪದಗಳನ್ನು ಒಟ್ಟಿಗೆ ಹಿಡಿದು ‘ವಾಲ್ವ್ ಸ್ಪ್ರಿಂಗ್’ ಮಾಡಿಬಿಟ್ಟರೆ ಕೆಲಸ ಕೆಟ್ಟಿತು. ಗ್ಯಾರೇಜಿನಲ್ಲಿ ವಾಲ್ವ್ ಸ್ಪ್ರಿಂಗ್ ಎಂದರೆ ಎಂಜಿನ್ ಹೆಡ್ಡಿನಲ್ಲಿರುವ ಬೇರೆಯೇ ಸ್ಪ್ರಿಂಗ್. ಇಲ್ಲಿ ಮೊದಲು ಗಂಟು ಬೀಳಬೇಕಾದದ್ದು ‘ಪ್ರೆಶರ್ ರಿಲೀಫ್ ವಾಲ್ವ್’. ಇದು ಖಚಿತವಾಗುವುದು ಹೇಗೆ? ಅದೇ ಕೈಪಿಡಿಯ ಬೇರೆ ಪುಟಗಳನ್ನು ತಿರುವಿ ಹಾಕಿ. ಉದ್ದದ ಹೆಸರನ್ನು ಬರೆದವರು ಎಲ್ಲೋ ಒಂದು ಕಡೆ ಅದನ್ನು ಮೊಟಕು ಮಾಡಿಯೇ ಇರುತ್ತಾರೆ. ಬರೀ ‘ರಿಲೀಫ್ ವಾಲ್ವ್’ ಎಂದು ಸಿಕ್ಕರೆ ಆ ಎರಡು ಪದಗಳು ಜೋಡಿ ಎಂದು ತಿಳಿಯುತ್ತದೆ. ಬಿಡಿಭಾಗಗಳ ಚಿತ್ರ ಇದ್ದರೆ ಇನ್ನೂ ಒಳ್ಳೆಯದು. ಇನ್ನು ಇದು ‘ಪಂಪ್ ಪ್ರೆಶರ್’ ತಗ್ಗಿಸುವ ವಾಲ್ವೋ ಅಥವಾ ಪಂಪಿಗೆ ಸೇರಿದ ‘ಪ್ರೆಶರ್ ರಿಲೀಫ್ ವಾಲ್ವೋ’ ಎಂದು ತಲೆ ಕೆಡಿಸಿಕೊಳ್ಳಬೇಡಿ. ಹೇಗೆ ಬಿಡಿಸಿದರೂ ಕೈ ಹೋಗುವುದು ಅದೇ ಸ್ಪ್ರಿಂಗಿಗೆ.

ಬಿಡಿಸಿ ಆಯಿತು, ಬರೆಯುವುದು ಹೇಗೆ? ‘ಹೈಡ್ರಾಲಿಕ್ ಪಂಪಿನ ಒತ್ತಡದ ತಗ್ಗಿಸುವಿಕೆಯ ವಾಲ್ವಿನ ಸ್ಪ್ರಿಂಗಿನ ಸವೆತ’ ಎಂದು ‘ಇನ’, ‘ಅದ’ ಪೋಣಿಸಿದರೆ ವ್ಯಾಕರಣ ಸರಿ, ಓದುವವರಿಗೆ ಉಸಿರು ಕಟ್ಟುತ್ತದೆ. ನಮ್ಮ ಮಟ್ಟಿಗೆ ಇದನ್ನು ಎರಡು ವಾಕ್ಯ ಮಾಡುವುದೇ ವಾಸಿ: ‘ಹೈಡ್ರಾಲಿಕ್ ಪಂಪಿನಲ್ಲಿ ಒತ್ತಡ ಹೆಚ್ಚಾದಾಗ ಅದನ್ನು ತಗ್ಗಿಸಲು ಒಂದು ವಾಲ್ವ್ (ರಿಲೀಫ್ ವಾಲ್ವ್) ಇದೆ. ಅದರೊಳಗಿನ ಸ್ಪ್ರಿಂಗ್ ಸವೆದಿದೆಯೇ, ಮುರಿದಿದೆಯೇ ನೋಡಿ.’ ಮುಂದಿನ ಪುಟಗಳಲ್ಲಿ ‘ರಿಲೀಫ್ ವಾಲ್ವ್ ಸ್ಪ್ರಿಂಗ್’ ಎಂದರೆ ಸಾಕು. ಬಿಡಿಭಾಗಗಳ ಪಟ್ಟಿಯಲ್ಲಿ ಮಾತ್ರ ಇಂಗ್ಲಿಷ್ ಹೆಸರನ್ನೇ ಪೂರ್ತಿಯಾಗಿ ಕನ್ನಡ ಲಿಪಿಯಲ್ಲಿ ಬರೆಯುವುದು ಒಳ್ಳೆಯದು. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ‘ಕವಾಟ’ ಕೇಳಿದರೆ ಯಾರೂ ಕೊಡುವುದಿಲ್ಲ.

ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎನ್ನಬಹುದು. ಈ ಸ್ಪ್ರಿಂಗ್ ಸೋತರೆ ವಾಲ್ವ್ ಬೇಗ ತೆರೆದು ನೇಗಿಲು ಮೇಲೇಳುವುದಿಲ್ಲ. ಸಾಲು ಅರ್ಥವಾಗದವರು ಪಂಪೇ ಹೋಗಿದೆ ಎಂದು ಹೊಸ ಪಂಪ್ ಹಾಕಿಸಿ ದುಡ್ಡು ಕಳೆದುಕೊಳ್ಳಬಹುದು. ಅದಕ್ಕಿಂತ ಗಟ್ಟಿ ಸ್ಪ್ರಿಂಗ್ ಹಾಕಿದರೆ ವಾಲ್ವ್ ತಡವಾಗಿ ತೆರೆಯುತ್ತದೆ, ಆಗ ಅಪಾಯ ದುಡ್ಡಿಗೆ ಅಲ್ಲ, ಜನರಿಗೆ. ಇಷ್ಟು ಒತ್ತಡದಲ್ಲಿ ಸಣ್ಣ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು.

ಟ್ರ್ಯಾಕ್ಟರ್ ಇಲ್ಲದವರಿಗೂ ಇದೇ ರೈಲು ವಾಟ್ಸಾಪಿನಲ್ಲಿ ಬರುತ್ತದೆ. ‘ಮೊಬೈಲ್ ಫೋನ್ ರೇಡಿಯೇಷನ್ ಬ್ರೈನ್ ಕ್ಯಾನ್ಸರ್ ರಿಸ್ಕ್ ಸ್ಟಡಿ’ ಎಂಬ ಇಂಗ್ಲಿಷ್ ತಲೆಬರಹವನ್ನು ತೆಗೆದುಕೊಳ್ಳಿ. ಇದು ಕನ್ನಡದ ಫಾರ್ವರ್ಡ್ ಆಗುವಾಗ ‘ಮೊಬೈಲ್ ವಿಕಿರಣದಿಂದ ಮಿದುಳು ಕ್ಯಾನ್ಸರ್: ಅಧ್ಯಯನ’ ಆಗಿಬಿಡುತ್ತದೆ. ಮೂಲದಲ್ಲಿ ಇಲ್ಲದ ಒಂದು ‘ಇಂದ’ ಸೇರಿಕೊಂಡಿತು, ಅದರ ಜೊತೆ ‘ಮೊಬೈಲೇ ಕಾರಣ’ ಎಂಬ ತೀರ್ಪೂ ಸೇರಿಕೊಂಡಿತು. ‘ರಿಸ್ಕ್’ ಎಂಬ ಪದ ಬಿದ್ದೇಹೋಯಿತು. ಕೊನೆಯ ಪದದಿಂದ ಬಿಡಿಸಿ ನೋಡಿ: ಇದೊಂದು ಅಧ್ಯಯನ. ಯಾವುದರ ಬಗ್ಗೆ? ಅಪಾಯದ ಬಗ್ಗೆ. ಅಪಾಯ ಇದೆ ಎಂದಿತೋ, ಇಲ್ಲ ಎಂದಿತೋ? ರೈಲಿನಲ್ಲಿ ಕ್ರಿಯಾಪದವೇ ಇಲ್ಲ, ಹಾಗಾಗಿ ಉತ್ತರವೂ ಇಲ್ಲ.

2010ರಲ್ಲಿ ಪ್ರಕಟವಾದ, 13 ದೇಶಗಳಲ್ಲಿ ನಡೆದ ಇಂಟರ್‌ಫೋನ್ ಅಧ್ಯಯನಕ್ಕೂ ಇದೇ ತಲೆಬರಹ ಒಪ್ಪುತ್ತದೆ. ಆದರೆ ಒಟ್ಟಾರೆ ನೋಡಿದಾಗ ಮೊಬೈಲ್ ಬಳಸುವವರಲ್ಲಿ ಮಿದುಳಿನ ಗಡ್ಡೆಯ ಅಪಾಯ ಹೆಚ್ಚಾಗಿರುವುದು ಅದರಲ್ಲಿ ಕಂಡುಬರಲಿಲ್ಲ. ಅತಿ ಹೆಚ್ಚು ಹೊತ್ತು ಮಾತನಾಡಿದವರಲ್ಲಿ ಒಂದು ಸುಳಿವು ಸಿಕ್ಕಿತಾದರೂ, ಮಾಹಿತಿಯಲ್ಲಿನ ದೋಷಗಳಿಂದಾಗಿ ಅದನ್ನು ಕಾರಣ ಎಂದು ಹೇಳಲಾಗದು ಎಂದು ಸಂಶೋಧಕರೇ ಬರೆದರು.

ಪೂರ್ತಿ ವರದಿ ಕೈಯಲ್ಲಿದ್ದರೆ ಅದರೊಳಗೆ ಕ್ರಿಯಾಪದ ಹುಡುಕಿ, ಅದನ್ನೇ ಕನ್ನಡದಲ್ಲಿ ಬರೆಯಿರಿ. ಬರೀ ತಲೆಬರಹ ಸಿಕ್ಕಿದ್ದರೆ ‘ಇಂದ’ ಬೇಡ, ‘ಕುರಿತ’ ಬಳಸಿ: ‘ಮೊಬೈಲ್ ವಿಕಿರಣಕ್ಕೂ ಮಿದುಳಿನ ಕ್ಯಾನ್ಸರಿಗೂ ನಂಟಿದೆಯೇ ಎಂಬುದನ್ನು ಕುರಿತ ಅಧ್ಯಯನ’. ತಲೆಬರಹ ಉದ್ದವಾಯಿತು, ನಿಜ. ಇಂಗ್ಲಿಷ್ ಹೇಳದೆ ಬಿಟ್ಟದ್ದನ್ನು ಕನ್ನಡ ಬಾಯಿಬಿಟ್ಟು ಹೇಳಬೇಕಾದಾಗ ಅಷ್ಟು ಜಾಗ ಬೇಕೇ ಬೇಕು.